ಹನ್ನೆರಡು ಗಂಟೆ ಎಂದು ಬರೆದವನು

ನಾನು ನಿಂತಿದ್ದು ನಿಟ್ಟೂರಿನಿಂದ ಸ್ವಲ್ಪ ಈಚೆ, ತುಮಕೂರು ಕಡೆಯಿಂದ ಹೋದರೆ ಹೆದ್ದಾರಿಯ ಎಡಬದಿಯಲ್ಲಿ, ಒಂದು ತಟ್ಟೆ ಇಡ್ಲಿ ಗಾಡಿಯಿಂದ ಎರಡು ಹೆಜ್ಜೆ ದೂರದಲ್ಲಿ. ಬೆನ್ನ ಹಿಂದೆ ತೆಂಗಿನ ಮರವಿತ್ತು. ಎಡಗೈಯಲ್ಲಿ ಚಟ್ನಿ ಉಳಿದಿದ್ದ ತಟ್ಟೆ. ಕಾರ್ತಿಕದ ಒಂದು ಶುಕ್ರವಾರ, ಸಂಜೆ ಏಳು ಗಂಟೆ ನಲವತ್ತೆರಡು ನಿಮಿಷ. ನಿಮಿಷ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ನಾನು ಅಲ್ಲಿಗೆ ಹೋಗಿದ್ದೇ ಗಡಿಯಾರ ನೋಡುವುದಕ್ಕೆ.

ಗಾಡಿಯ ಚಾವಣಿಗೆ ಕಟ್ಟಿದ್ದ ಸೋಲಾರ್ ಲೈಟು ಆಗ ಆರಿಹೋಯಿತು. ಮಿಣುಕಲಿಲ್ಲ, ನಿಧಾನವಾಗಿ ಮಂಕಾಗಲೂ ಇಲ್ಲ. ಇತ್ತು, ಇಲ್ಲವಾಯಿತು. ಗಾಡಿ ನಡೆಸುವ ಹೆಂಗಸು ಸರಿಯಾಗಿ ಆ ಹೊತ್ತಿಗೆ ಹಬೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಪಕ್ಕದ ಸ್ಟೂಲಿನ ಮೇಲೆ ಇಡುತ್ತಿದ್ದರು. ಕತ್ತಲಲ್ಲಿ ಒಲೆಯ ನೀಲಿ ಬಳೆಯೊಂದೇ ಕಾಣುತ್ತಿತ್ತು. ಪಾತ್ರೆಯ ತಳ ಸ್ಟೂಲಿನ ಅಂಚಿಗೆ ತಾಗಿದ ಸದ್ದು ಕೇಳಿಸಿತು. ಆಮೇಲೆ ನೀರು ಚೆಲ್ಲಿದ ಸದ್ದು.

ರಸ್ತೆಯಂಚಿಗೆ ಲಾರಿ ನಿಲ್ಲಿಸಿ ಇಡ್ಲಿ ತಿನ್ನುತ್ತಿದ್ದ ತೆಂಗಿನಕಾಯಿ ಲಾರಿಯ ಡ್ರೈವರು ಓಡಿಹೋಗಿ ಹೆಡ್‌ಲೈಟು ಹಾಕಿದರು. ಆ ಬೆಳಕಿನಲ್ಲಿ ನಾನು ಕಂಡದ್ದು ಇಷ್ಟು: ಪಾತ್ರೆ ಓರೆಯಾಗಿ ಸ್ಟೂಲಿಗೆ ಒರಗಿತ್ತು. ಕುದಿಯುವ ನೀರು ನೆಲದ ಮೇಲೆ ಹಬೆಯಾಡುತ್ತಿತ್ತು. ಒದ್ದೆಯಾದ ಮಣ್ಣಿನ ಅಂಚಿಗೂ, ಮರದ ದಿಮ್ಮಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಆ ಹೆಂಗಸಿನ ಅತ್ತೆಯ ಬರಿಗಾಲಿಗೂ ನಡುವೆ ಇದ್ದದ್ದು ಒಂದು ಗೇಣು. ಒಂದು ಗೇಣಿಗಿಂತ ಸ್ವಲ್ಪ ಕಮ್ಮಿಯೇ ಇರಬಹುದು. ಹೆಚ್ಚಂತೂ ಅಲ್ಲ.

ಯಾರಿಗೂ ಏನೂ ಆಗಲಿಲ್ಲ.

ಅಜ್ಜಿ ಕಾಲು ಮೇಲೆತ್ತಿಕೊಂಡು, ಸುಲಿದ ಬೆಳ್ಳುಳ್ಳಿಯ ಬಟ್ಟಲನ್ನು ಮಡಿಲಿಗೆ ಇಟ್ಟುಕೊಂಡು, ಸೊಸೆಗೆ ಹೇಳಿದರು: "ಬೆಳಗಿನ ಗಾಡಿ ನಡೀಲಿ. ಸಂಜೆ ಗಾಡಿ ಸಾಕು ಬುಡು. ಸೋಮವಾರ ಒಂದಿನ ನೋಡ್ತೀನಿ. ಅವತ್ತೂ ಹೋಯ್ತೋ, ಗಾಡಿ ಹಟ್ಟಿ ಮುಂದಕ್ಕೆ ತಳ್ಕೊಂಡು ಬಾ."

ಸೊಸೆ ಗ್ಯಾಸ್ ಆರಿಸಿ, ಪಾತ್ರೆ ನೆಟ್ಟಗೆ ಮಾಡಿ, ನನ್ನ ಕಡೆ ತಿರುಗಿದರು. "ನೋಡುದ್ರಲ್ಲ ಸಾರ್. ಹನ್ನೆರಡು ಗಂಟೆ ಅಂತ ಬರ್ದವ್ರೆ. ಹಚ್ಚಿದ್ದು ಆರೂವರೆಗೆ."

ಹಾಗೆ ಬರೆದವನು ನಾನೇ. ಅದು ಅವರಿಗೆ ಗೊತ್ತಿತ್ತು. ಲೈಟು ಬೇಗ ಆರುತ್ತದೆ ಎಂದು ಅವರು ಫೋನ್ ಮಾಡಿದ್ದಕ್ಕೇ ನಾನು ನೋಡಲು ಬಂದದ್ದು.

ನಾನು ಮೂವತ್ತು ವರ್ಷ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದವನು. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ಬೆರಳಚ್ಚಿಸುವುದು ಕೆಲಸ. ನಿವೃತ್ತಿಯಾದ ಮೇಲೆ ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತು ಕೂತು ಬೇಸರವಾಗಿ, ನನ್ನ ಅಕ್ಕನ ಮಗ ತುಮಕೂರು ಪೇಟೆಯಲ್ಲಿ ಇಟ್ಟಿರುವ ಎಲೆಕ್ಟ್ರಿಕಲ್ ಅಂಗಡಿಗೆ ಹೋಗತೊಡಗಿದೆ. ಅವನು ಮೊಬೈಲಿನಲ್ಲಿ ಸಾಮಾನಿನ ಪಟ್ಟಿ ಹಾಕಿ ಸುತ್ತಲಿನ ತಾಲ್ಲೂಕುಗಳಿಗೆಲ್ಲ ಮಾರುತ್ತಾನೆ. ಚಿತ್ರದ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ಕೆಲಸವನ್ನು ನನಗೆ ಕೊಟ್ಟ. ಈ ಲೈಟಿಗೆ ನಾನು ಬರೆದದ್ದು ಇದು:

ಬೆಳಕು: 1000 ಲ್ಯೂಮೆನ್. ಚಾರ್ಜ್ ಆಗಲು: 6 ಗಂಟೆ. ಬ್ಯಾಕಪ್: 12 ಗಂಟೆ. ಮನೆಯ ಹೊರಗೂ ಬಳಸಬಹುದು.

ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದೆ. ತಪ್ಪಿಲ್ಲದ ಬೆರಳಚ್ಚು.

ಆ ಶುಕ್ರವಾರ ಬಸ್ಸಿನಲ್ಲಿ ಗುಬ್ಬಿ ದಾಟಿ ತುಮಕೂರಿಗೆ ವಾಪಸು ಬರುವಾಗ ನನ್ನ ಕಣ್ಣ ಮುಂದೆ ಆ ಒಂದು ಗೇಣು ನೆಲವೇ ಇತ್ತು. ಅಂಗಡಿಗೆ ಹೋದವನೇ ಹೊಸ ಡಬ್ಬವೊಂದನ್ನು ತೆಗೆದು, ಕನ್ನಡಕ ಒರೆಸಿಕೊಂಡು, ತಳದಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ಓದಿದೆ. ಈ ಲೈಟಿಗೆ ಎರಡು ಹಂತ. ಪೂರ್ತಿ ಬೆಳಕಿನ ಹಂತದಲ್ಲಿ ಸಾವಿರ ಲ್ಯೂಮೆನ್, ನಾಲ್ಕು ಗಂಟೆ. ಕಡಿಮೆ ಬೆಳಕಿನ ಹಂತದಲ್ಲಿ ಮುನ್ನೂರು ಲ್ಯೂಮೆನ್, ಹನ್ನೆರಡು ಗಂಟೆ. ಸಾವಿರವೂ ನಿಜ, ಹನ್ನೆರಡೂ ನಿಜ. ಎರಡೂ ಒಂದೇ ಸಂಜೆ ನಿಜವಾಗುವುದಿಲ್ಲ.

ಅಕ್ಕನ ಮಗನಿಗೆ ತೋರಿಸಿದೆ. ಅವನು ಶಟರ್ ಅರ್ಧ ಎಳೆದು ನಿಂತಿದ್ದ.

"ಎಲ್ರೂ ಹಂಗೇ ಬರೀತಾರೆ ಮಾವ."

"ಎಲ್ಲರೂ ಅಲ್ಲಿ ನಿಂತಿರಲಿಲ್ಲ" ಎಂದೆ.

ಅವನು ಡಬ್ಬ ತೆಗೆದುಕೊಂಡು ತಳದ ಅಕ್ಷರ ತಾನೂ ಓದಿದ. ಆಮೇಲೆ ಹೇಳಿದ: "ಅದ್ಸರಿ ಮಾವ, ಪೂರ್ತಿ ಬೆಳಕಿಗೇ ಇಟ್ಟಿದ್ರೂ ನಾಲ್ಕು ಗಂಟೆ ಬರ್ಬೇಕಿತ್ತು. ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಹೋಗೈತೆ ಅಂದ್ರೆ ಅದಕ್ಕೆ ಊಟ ಸಾಲ್ತಾ ಇಲ್ಲ. ನಾಳೆ ನಾನೂ ಬರ್ತೀನಿ."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಬೈಕಿನಲ್ಲಿ ಅಲ್ಲಿದ್ದೆವು. ಬೆಳಗಿನ ವ್ಯಾಪಾರ ಮುಗಿಯುತ್ತಾ ಬಂದಿತ್ತು. ಮೊದಲು ನಾನು ಸೊಸೆಗೆ ನನ್ನ ತಪ್ಪು ಹೇಳಿದೆ. ಎರಡು ಹಂತಗಳನ್ನೂ, ನಾಲ್ಕನ್ನೂ ಹನ್ನೆರಡನ್ನೂ ಬಿಡಿಸಿ ಹೇಳಿದೆ. ಅವರು ತಟ್ಟೆ ತೊಳೆಯುತ್ತಲೇ ಕೇಳಿಸಿಕೊಂಡರು.

"ನಾನು ನಿಮ್ ಹನ್ನೆರಡು ನಂಬ್ಕೊಂಡು ಲೆಕ್ಕ ಹಾಕಿದ್ನಲ್ಲ ಸಾರ್. ಸಂಜೆ ಮೂರು ಗಂಟೆ ಗಾಡಿಗೆ. ಬೆಳಗಿನ ಜಾವ ಇದನ್ನೇ ಬಿಚ್ಕೊಂಡು ಹೋಗಿ ಕೊಟ್ಟಿಗೇಲಿ ಹಾಲು ಕರೆಯಕ್ಕೆ, ಒಲೆ ಹಚ್ಚಕ್ಕೆ ಅಂತ ಇನ್ನೆರಡು ಗಂಟೆ. ಐದಾಯ್ತು. ಹನ್ನೆರಡ್ರಲ್ಲಿ ಐದು ಏನ್ ಮಹಾ ಅನ್ಕೊಂಡೆ."

"ಅದು ನನ್ನಿಂದಾದದ್ದು" ಎಂದೆ.

"ನಿಮ್ಮನ್ನ ಬೈಯಕ್ಕೆ ನಂಗೆ ಟೈಮಿಲ್ಲ. ಸೋಮವಾರದೊಳಗೆ ಏನಾದ್ರೂ ಮಾಡಿ." ಗಂಡ ತುಮಕೂರಿನ ಫ್ಯಾಕ್ಟರಿಯೊಂದರಲ್ಲಿ ಎರಡನೇ ಪಾಳಿಯಂತೆ. ಆ ಜಾಗಕ್ಕೆ ಕರೆಂಟಿನ ಸಂಪರ್ಕವಿಲ್ಲ, ಹತ್ತಿರದ ಮನೆ ರಸ್ತೆಯ ಆಚೆಗೆ. ಸಂಜೆ ಗಾಡಿ ಸೊಸೆ ತಾವೇ ಹಟ ಹಿಡಿದು ಶುರುಮಾಡಿದ್ದು. ಲಾರಿಯವರು ರೂಢಿಯಾಗಿ ಈಗಷ್ಟೇ ಎರಡು ತಿಂಗಳು.

ಅಕ್ಕನ ಮಗ ಅಷ್ಟರಲ್ಲಿ ಪ್ಯಾನೆಲ್ ಹುಡುಕುತ್ತಾ ಗಾಡಿಯ ಹಿಂದೆ ಹೋಗಿದ್ದ. ಅಲ್ಲಿಂದ ಸಣ್ಣ ದನಿಯಲ್ಲಿ ಕರೆದ. "ಮಾವ, ಇಲ್ ಬನ್ನಿ."

ಪ್ಯಾನೆಲ್ ಅನ್ನು ತೆಂಗಿನ ಮರದ ಕಾಂಡಕ್ಕೆ ಎದೆಮಟ್ಟದಲ್ಲಿ, ನೇರವಾಗಿ ನಿಲ್ಲಿಸಿ, ಪೂರ್ವಕ್ಕೆ ಮುಖ ಮಾಡಿ ಹಗ್ಗದಲ್ಲಿ ಬಿಗಿದಿದ್ದರು. ಅದರ ಗಾಜಿನ ಮೇಲೆ ಅಂಚಿನಿಂದ ಅಂಚಿಗೆ ದಪ್ಪನೆ ಮೂರು ಎಳೆ ವಿಭೂತಿ. ನಡುವೆ ಎಂಟಾಣೆ ಅಗಲದ ಕುಂಕುಮ. ಮೇಲಿನ ಚೌಕಟ್ಟಿನಲ್ಲಿ ಒಂದು ಸೇವಂತಿಗೆ. ವಿಭೂತಿ ಇನ್ನೂ ಪೂರ್ತಿ ಒಣಗಿರಲಿಲ್ಲ.

ಸೊಸೆ ಹಿಂದೆ ಬಂದು ನಿಂತು ಮೆಲ್ಲಗೆ ಹೇಳಿದರು: "ಅತ್ತೇದು. ದಿನಾ ಸ್ನಾನ ಆದ್ಮೇಲೆ. ದೀಪಕ್ಕೆ ಶಕ್ತಿ ಕೊಡೋದು ಇದೇ ತಾನೆ, ಇದಕ್ಕೆ ಪೂಜೆ ಮಾಡ್ಬೇಕು ಅಂತಾರೆ. ಬೇಗ ಆರೋಗಕ್ಕೆ ಶುರು ಆದ್ಮೇಲೆ ಎಳೆ ಇನ್ನೂ ದಪ್ಪ ಆಗೈತೆ."

ಅಕ್ಕನ ಮಗ ಆಚೆ ತಿರುಗಿ ಕೆಮ್ಮಿದ. ಆಮೇಲೆ ನನ್ನ ಕಿವಿಯ ಬಳಿ, "ಮಾವ, ಕೋರ್ಟಲ್ಲಿ ಇದ್ದವ್ರು ನೀವು. ನೀವೇ ಹೇಳಿ ಅಜ್ಜಿಗೆ" ಎಂದ.

"ನಾನು ಅಲ್ಲಿ ಮಾತಾಡುತ್ತಿರಲಿಲ್ಲ. ಟೈಪ್ ಮಾಡುತ್ತಿದ್ದೆ."

"ನಾನಂತೂ ಹೇಳಕ್ಕಾಗಲ್ಲ" ಎಂದರು ಸೊಸೆ. "ಸಂಜೆ ಗಾಡಿ ಅಲ್ಲ, ಬೆಳಗಿನ ಗಾಡೀನೂ ಬೇಡ ಅಂದ್ಬುಡ್ತಾರೆ."

ಮೂವರೂ ಪ್ಯಾನೆಲಿನ ಮುಂದೆ ಕೈಕಟ್ಟಿ ನಿಂತಿದ್ದೆವು. ದೂರದಿಂದ ನೋಡಿದವರಿಗೆ ಭಕ್ತಿಯಿಂದಲೇ ನಿಂತ ಹಾಗೆ ಕಂಡಿರಬೇಕು. ಅಜ್ಜಿ ತಾವೇ ಬಂದರು.

"ಏನ್ಲಾ ಅದು, ಮೂರ್ ಜನ ಸೇರ್ಕೊಂಡು?"

ಅಕ್ಕನ ಮಗ ಜಾಣ. ಬ್ಯಾಗಿನಿಂದ ಮೀಟರ್ ತೆಗೆದ, ಪ್ಯಾನೆಲಿನ ವೈರನ್ನು ಲೈಟಿನಿಂದ ಬಿಡಿಸಿ ಮೀಟರಿಗೆ ಕೊಟ್ಟ. "ಅಜ್ಜಿ, ಇದು ಎಷ್ಟು ಊಟ ಮಾಡ್ತೈತೆ ಅಂತ ಈ ನಂಬರಲ್ಲಿ ಕಾಣ್ತದೆ. ಓದಿ."

ಅಜ್ಜಿಗೆ ಅಂಕಿ ಬರುತ್ತಿತ್ತು. ಬಗ್ಗಿ ನೋಡಿದರು. "ಸೊನ್ನೆ ಚುಕ್ಕಿ ಮೂರು."

"ಹೊಟ್ಟೆ ತುಂಬ್ಬೇಕಾದ್ರೆ ಒಂದರ ಮೇಲಿರ್ಬೇಕು."

"ಅಂಗಾದ್ರೆ ನೀವು ಕೊಟ್ಟಿರೋದೇ ಸರಿ ಇಲ್ಲ ಬುಡು."

"ಇರ್ಬೋದು ಅಜ್ಜಿ" ಎಂದು ಅವನು ನನ್ನ ಕಡೆ ತಿರುಗಿದ. ಆಗ ನಾನು ಬಾಯಿ ಬಿಡಲೇಬೇಕಾಯಿತು. ಈ ಗಾಜಿನ ಕೆಳಗೆ ಚೌಕ ಚೌಕವಾಗಿ ಕಾಣುವ ತುಂಡುಗಳೆಲ್ಲ ಒಂದಕ್ಕೊಂದು ಸಾಲಾಗಿ ಸೇರಿಕೊಂಡಿವೆ ಎಂದೆ. ಲಾರಿಗೆ ಕಾಯಿ ತುಂಬುವಾಗ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಕಾಯಿ ದಾಟಿಸುತ್ತಾರಲ್ಲ, ಹಾಗೆ. ನಡುವೆ ಒಬ್ಬ ಕಣ್ಣು ಮುಚ್ಚಿ ಕೂತರೆ ಮಿಕ್ಕವರು ಎಷ್ಟು ಗಟ್ಟಿಯಿದ್ದರೂ ಕಾಯಿ ಮುಂದೆ ಹೋಗುವುದಿಲ್ಲ. ಬಿಸಿಲು ಬೀಳದ ತುಂಡು ಕಣ್ಣು ಮುಚ್ಚಿದ ಆಳು.

ಅಜ್ಜಿ ಪ್ಯಾನೆಲ್ ನೋಡಿದರು, ನನ್ನ ಹಣೆ ನೋಡಿದರು. ನನ್ನ ಹಣೆಯಲ್ಲೂ ಅವತ್ತು ವಿಭೂತಿ ಇತ್ತು. ಅದು ನನಗೆ ಸಹಾಯವಾಯಿತು ಎಂದು ಈಗ ಅನ್ನಿಸುತ್ತದೆ.

"ಅಂದ್ರೆ ನಾನು ಅದರ ಕಣ್ ಮುಚ್ತಾ ಇದೀನಿ ಅಂತ ನೀನು ಹೇಳೋದು."

"ಹೌದು ತಾಯಿ."

"ಇಷ್ಟು ಹೇಳಕ್ಕೆ ಲಾರಿ, ಕಾಯಿ ಎಲ್ಲಾ ಬೇಕಿತ್ತೇನಪ್ಪ?"

ಸೊಸೆ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಅಜ್ಜಿ ಒಂದು ಚೊಂಬು ನೀರು ತರಿಸಿದರು. ಪ್ಯಾನೆಲಿಗೆ ಕೈಮುಗಿದು, ಏನೋ ಗುಣುಗಿ, ಸೇವಂತಿಗೆ ತೆಗೆದು ಕಣ್ಣಿಗೊತ್ತಿಕೊಂಡು, ಒದ್ದೆ ಬಟ್ಟೆಯಿಂದ ತಾವೇ ಒರೆಸಿದರು. ನಾವು ಯಾರೂ ಮುಟ್ಟಲಿಲ್ಲ. ಮೀಟರಿನ ಅಂಕಿ ಸೊನ್ನೆ ಚುಕ್ಕಿ ಮೂರರಿಂದ ಸೊನ್ನೆ ಚುಕ್ಕಿ ಏಳಕ್ಕೆ ಹೋಯಿತು, ಕುಂಕುಮ ಹೋದ ಮೇಲೆ ಒಂದು ಚುಕ್ಕಿ ಎರಡಕ್ಕೆ ನಿಂತಿತು. ಒಂಬತ್ತು ಗಂಟೆ ಇಪ್ಪತ್ತೈದು ನಿಮಿಷ.

"ಮಕ್ಳ ಮುಖ ತೊಳೆದ್ರೆ ಹಸಿವಾಯ್ತದೆ" ಎಂದರು ಅಜ್ಜಿ, ಇದು ತಮಗೆ ಮೊದಲೇ ಗೊತ್ತಿದ್ದ ಹಾಗೆ.

ಅಕ್ಕನ ಮಗ ಹೊರಡೋಣ ಎಂದ. ನಾನು ಒಪ್ಪಲಿಲ್ಲ. ಆ ಗೇಣಿನ ನೆನಪು ಬಿಡಲಿಲ್ಲ. ಸ್ಟೂಲು ಹಾಕಿಕೊಂಡು ಪ್ಯಾನೆಲಿನ ಎದುರು ಕೂತು ಕಾಲು ಗಂಟೆಗೊಮ್ಮೆ ಮೀಟರ್ ನೋಡಿ ಬರೆದುಕೊಂಡೆ. ಹತ್ತೂವರೆಯವರೆಗೆ ಚೆನ್ನಾಗಿತ್ತು. ಹನ್ನೊಂದಕ್ಕೆ ಗರಿಯ ನೆರಳು ಒಂದು ಮೂಲೆಗೆ ಬಂತು, ಅಂಕಿ ಅರ್ಧಕ್ಕೆ ಇಳಿಯಿತು. ಹನ್ನೆರಡಕ್ಕೆ ಸೂರ್ಯ ಮರದ ಆಚೆಗೆ ಸರಿದ. ಅಲ್ಲಿಂದ ಸಂಜೆಯವರೆಗೆ ಆ ಪ್ಯಾನೆಲ್ ಮರದ ಕಾಂಡದ ನೆರಳಿನಲ್ಲೇ ಇರುವಂಥದ್ದು. ಆರು ಗಂಟೆ ಬಿಸಿಲು ಬೇಕಾದದ್ದಕ್ಕೆ ಗಟ್ಟಿ ಬಿಸಿಲು ನಾಲ್ಕು ಗಂಟೆಯೂ ಇಲ್ಲ.

"ಮರದಿಂದ ಈಚೆಗೆ ತರ್ಬೇಕು" ಎಂದ ಅಕ್ಕನ ಮಗ. "ದಕ್ಷಿಣಕ್ಕೆ ಮುಖ ಮಾಡಿ, ಸ್ವಲ್ಪ ಆಕಾಶದ ಕಡೆ ಓರೆ ಮಾಡಿ ಇಟ್ರೆ ಬೆಳಿಗ್ಗೆಯಿಂದ ಸಂಜೆವರ್ಗೂ ಬಿಸಿಲು."

ಇದಕ್ಕೆ ಅಜ್ಜಿ ವಿಭೂತಿಗಿಂತ ಹೆಚ್ಚು ಅಡ್ಡಿ ಮಾಡಿದರು. "ದಕ್ಷಿಣಕ್ಕೆ ಮುಖ ಮಾಡಿ ದೀಪ ಹಚ್ತಾರೇನ್ಲಾ? ನಿಮ್ಮನೇಲಿ ಹಚ್ತಾರಾ?"

"ಇಲ್ಲ ಅಜ್ಜಿ."

"ಮತ್ತೆ ನಮ್ಮನೆ ದೀಪಕ್ಯಾಕೆ ಹೇಳ್ತೀಯ?"

ಸೊಸೆ ಚಟ್ನಿ ಪಾತ್ರೆ ತೊಳೆಯುತ್ತಿದ್ದವರು ತಲೆಯೆತ್ತದೆ ಹೇಳಿದರು: "ಅತ್ತೆ, ದೀಪ ಇರೋದು ಗಾಡೀಲಿ. ಅದು ಪೂರ್ವಕ್ಕೇ ಐತೆ. ಇದು ತಟ್ಟೆ. ದೀಪ ಉಣ್ಣೋ ತಟ್ಟೆ."

ಅಜ್ಜಿ ಎಲೆಅಡಿಕೆ ಹಾಕಿಕೊಂಡರು. ಅಕ್ಕನ ಮಗ ನನ್ನನ್ನು ನೋಡಿದ, ನಾನು ಗಡಿಯಾರ ನೋಡಿದೆ. ಕೊನೆಗೆ, "ಉಣ್ಣೋದು ಯಾವ ದಿಕ್ಕಿಗಾದ್ರೂ ಉಣ್ಲಿ, ಉರಿಯೋದು ಮಾತ್ರ ಪೂರ್ವಕ್ಕೆ ಉರೀಲಿ" ಎಂದು ತೀರ್ಪು ಕೊಟ್ಟರು.

ತೋಟದಲ್ಲಿ ಬಿದ್ದಿದ್ದ ಅಡಿಕೆ ಮರದ ಕಂಬವೊಂದನ್ನು ತಂದು ಗಾಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಯಾವ ಮರದ ನೆರಳೂ ಬೀಳದ ಕಡೆ ನೆಟ್ಟೆವು. ವೈರಿನ ಉದ್ದ ಅಷ್ಟಕ್ಕೇ ಸಾಕಾಯಿತು. ಪ್ಯಾನೆಲ್ ಕಟ್ಟುವಾಗ ಮೀಟರ್ ಒಂದು ಚುಕ್ಕಿ ಐದು ತೋರಿಸಿತು. ಅಜ್ಜಿ ವಿಭೂತಿ ಕಲಸಿ ಮೂರು ಎಳೆಯನ್ನು ಕಂಬಕ್ಕೆ ಎಳೆದರು. ಕುಂಕುಮವೂ ಕಂಬಕ್ಕೇ.

ಅಂದು ಸಂಜೆಯೂ ಭಾನುವಾರ ಸಂಜೆಯೂ ಗಾಡಿ ಹಾಕುವುದು ಬೇಡ, ಲೈಟು ಹಚ್ಚುವುದೂ ಬೇಡ, ಬ್ಯಾಟರಿ ಒಮ್ಮೆ ಪೂರ್ತಿ ತುಂಬಲಿ ಎಂದು ಹೇಳಿದೆವು. ಸೋಮವಾರದಿಂದ ಕೊಟ್ಟಿಗೆಗೆ ಕಡಿಮೆ ಬೆಳಕಿನ ಹಂತ ಸಾಕು, ಗಾಡಿಗೆ ಮಾತ್ರ ಪೂರ್ತಿ ಬೆಳಕು. ಗುಂಡಿಯನ್ನು ಒಮ್ಮೆ ಒತ್ತಿದರೆ ಪೂರ್ತಿ, ಎರಡು ಸಲ ಒತ್ತಿದರೆ ಕಡಿಮೆ. ಸೊಸೆ ಮೂರು ಸಲ ಒತ್ತಿ ನೋಡಿ ಕಲಿತರು. ಲೆಕ್ಕ ಅವರೇ ಹಾಕಿದರು: ಬೆಳಗಿನ ಎರಡು ಗಂಟೆ ಕಡಿಮೆ ಬೆಳಕು ಅಂದರೆ ಪೂರ್ತಿ ಬೆಳಕಿನ ಮುಕ್ಕಾಲು ಗಂಟೆಯೂ ಅಲ್ಲ. ಸಂಜೆಗೆ ಮೂರು ಗಂಟೆ ಉಳಿಯುತ್ತದೆ. "ಹೆಚ್ಚೇನೂ ಮಿಗಲ್ಲ" ಎಂದರು. ಮಿಗುವುದಿಲ್ಲ ಎಂದು ನಾನೂ ಹೇಳಿದೆ. ಈ ಸಲ ಇರುವುದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗಿರಲಿಲ್ಲ.

ಭಾನುವಾರ ಅಂಗಡಿಯಲ್ಲಿ ಕೂತು ಆ ನಾಲ್ಕು ಸಾಲನ್ನು ಅಳಿಸಿ ಹೊಸದಾಗಿ ಬರೆದೆ:

ಪೂರ್ತಿ ಬೆಳಕು (1000 ಲ್ಯೂಮೆನ್) ಇಟ್ಟರೆ 4 ಗಂಟೆ. ಕಡಿಮೆ ಬೆಳಕು (300 ಲ್ಯೂಮೆನ್) ಇಟ್ಟರೆ 12 ಗಂಟೆ. ಚಾರ್ಜ್ ಮುಗಿದಾಗ ಒಮ್ಮೆಲೇ ಆರುತ್ತದೆ, ಬಿಸಿ ಪಾತ್ರೆ ಹಿಡಿಯುವವರು ಗಮನಿಸಿ. ಚಾರ್ಜ್ ಆಗಲು ನೆರಳಿಲ್ಲದ ನೇರ ಬಿಸಿಲು 6 ಗಂಟೆ, ಮೋಡವಿದ್ದರೆ ಹೆಚ್ಚು. ಪ್ಯಾನೆಲನ್ನು ಮರಕ್ಕೆ ಕಟ್ಟಬೇಡಿ, ದಕ್ಷಿಣಕ್ಕೆ ಓರೆಯಾಗಿ ಇಡಿ. ಮಳೆ ಹನಿ ತಡೆಯುತ್ತದೆ, ನೀರಿನಲ್ಲಿ ಮುಳುಗಿಸಬಾರದು. ಗಾಜಿನ ಮೇಲೆ ವಿಭೂತಿ, ಕುಂಕುಮ, ಗಂಧ ಹಚ್ಚಬೇಡಿ, ಕಂಬಕ್ಕೆ ಹಚ್ಚಬಹುದು.

ಅಕ್ಕನ ಮಗ ಓದಿದ. "ಮಾವ, ಇದೇನು ಲೈಟಾ, ಪಂಚಾಂಗಾನಾ? ಇಷ್ಟುದ್ದ ಓದಿ ಯಾರು ತಗೋತಾರೆ?"

ಅರ್ಧ ಗಂಟೆಗೆ ಕುಣಿಗಲ್ಲಿನಿಂದ ಒಬ್ಬರು ಫೋನ್ ಮಾಡಿದರು. ಕೊನೆಯ ಸಾಲು ಓದಿ ಮನೆಯ ಹಿಂದೆ ಹೋಗಿ ನೋಡಿದೆ, ನಮ್ಮ ತಾಯಿ ನಮ್ಮದಕ್ಕೂ ಗಂಧ ಹಚ್ಚಿದ್ದಾರೆ ಎಂದರು. ಅವರ ಲೈಟು ನಮ್ಮ ಅಂಗಡಿಯದಲ್ಲ. ಆದರೂ ಫೋನ್ ಮಾಡಿದರು. ಅಕ್ಕನ ಮಗ ಬರಹ ಉದ್ದವಾಯಿತು ಎಂಬ ಮಾತು ಮತ್ತೆ ಎತ್ತಲಿಲ್ಲ.

ಸೋಮವಾರ ಸಂಜೆ ಆರು ಗಂಟೆ ಇಪ್ಪತ್ತೆಂಟಕ್ಕೆ ಸೊಸೆ ಲೈಟು ಹಚ್ಚಿದರು. ನಾನು ಈ ಸಲ ಗಾಡಿಯ ಬಲಗಡೆ ನಿಂತಿದ್ದೆ. ಅಜ್ಜಿಯ ದಿಮ್ಮಿಯನ್ನು ಒಲೆಯಿಂದ ದೂರಕ್ಕೆ ಸರಿಸಿ ಎಂದು ಕೇಳಿಕೊಂಡೆ. ಅವರು ಸರಿಯಲಿಲ್ಲ. "ನಾನ್ಯಾಕೆ ಸರೀಲಿ? ಆರಿದ್ರೆ ಗಾಡಿ ಸರಿಯೋದು."

ಏಳು ನಲವತ್ತೆರಡು ಬಂತು. ಸೊಸೆ ತಟ್ಟೆಗೆ ಹಿಟ್ಟು ಹುಯ್ಯುತ್ತಿದ್ದರು, ಲೈಟಿನ ಕಡೆ ಒಮ್ಮೆಯೂ ನೋಡಲಿಲ್ಲ. ನಾನೂ ಅಕ್ಕನ ಮಗನೂ ಬೇರೇನೂ ನೋಡಲಿಲ್ಲ. ಏಳು ನಲವತ್ತಮೂರು. ಅದೇ ತೆಂಗಿನಕಾಯಿ ಲಾರಿಯ ಡ್ರೈವರು ಬಂದವರು ಎಂಜಿನ್ ಆಫ್ ಮಾಡಿ, ಹೆಡ್‌ಲೈಟನ್ನು ಮಾತ್ರ ಉರಿಯಲು ಬಿಟ್ಟು ಇಳಿದರು.

"ಅದನ್ನ ಆರಿಸಣ್ಣ" ಎಂದರು ಸೊಸೆ. "ನಿನ್ ಬ್ಯಾಟ್ರಿ ಇಳಿದ್ರೆ ಲಾರಿ ತಳ್ಳಕ್ಕೆ ನಮ್ಮತ್ತೆ ಬರಲ್ಲ."

"ಮೊನ್ನೆ ಇದೇ ಅಲ್ವಾ ನಿಮ್ಮನ್ನ ಕಾಪಾಡಿದ್ದು?" ಎನ್ನುತ್ತ ಡ್ರೈವರು ಹೋಗಿ ಆರಿಸಿದರು.

ಎಂಟಾಯಿತು, ಎಂಟೂವರೆಯಾಯಿತು. ಅಜ್ಜಿ ಬೆಳ್ಳುಳ್ಳಿ ಸುಲಿದು ಮುಗಿಸಿ, ಕೈ ಖಾಲಿಯಾಗಿ, ಲೈಟಿಗೆ ಮುತ್ತುವ ಹುಳಗಳನ್ನು ನೋಡುತ್ತ ಕೂತರು. ಒಂಬತ್ತಕ್ಕೆ ನಾಲ್ಕು ನಿಮಿಷವಿರುವಾಗ ಹಬೆ ಪಾತ್ರೆಯನ್ನು ಒಲೆಯಿಂದ ಇಳಿಸಬೇಕಾಯಿತು. ಸೊಸೆ ಬಟ್ಟೆ ಹಿಡಿದು ಎತ್ತಿದರು, ತಿರುಗಿದರು, ಸ್ಟೂಲಿನ ನಡುಮಧ್ಯದಲ್ಲಿ ಇಟ್ಟರು. ಬೆಳಕಿತ್ತು. ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು.

ಒಂಬತ್ತು ಇಪ್ಪತ್ತೊಂದಕ್ಕೆ ಹಿಟ್ಟು ಮುಗಿಯಿತು. ಆಮೇಲೆ ಬಂದ ಇಬ್ಬರನ್ನು ವಾಪಸು ಕಳಿಸಬೇಕಾಯಿತು. ಪಾತ್ರೆ ತೊಳೆದು, ಗಾಡಿ ಒರೆಸಿ, ಒಂಬತ್ತು ಮೂವತ್ತೊಂದಕ್ಕೆ ಸೊಸೆ ಕೈ ಎತ್ತಿ ಗುಂಡಿ ಒತ್ತಿ ಲೈಟನ್ನು ತಾವೇ ಆರಿಸಿದರು.

ಅಜ್ಜಿ ದಿಮ್ಮಿಯಿಂದ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು. ಸಂಜೆ ಗಾಡಿಯ ಬಗ್ಗೆ ಹೌದು ಎಂದಾಗಲಿ ಅಲ್ಲ ಎಂದಾಗಲಿ ಹೇಳಲಿಲ್ಲ. "ಗಿರಾಕಿನ ಹಸ್ದ ಹೊಟ್ಟೇಲಿ ವಾಪಸ್ ಕಳಿಸ್ಬಾರ್ದು ಕಣೇ. ನಾಳೆ ಸಂಜೆಗೆ ಅರ್ಧ ಸೇರು ಅಕ್ಕಿ ಜಾಸ್ತಿ ನೆನೆಹಾಕು" ಎಂದರು.

ಇಷ್ಟು ನಾನು ಕಣ್ಣಾರೆ ಕಂಡದ್ದು. ಶುಕ್ರವಾರ ನೀರು ಚೆಲ್ಲಿದ್ದನ್ನು ನನ್ನ ಜೊತೆ ನೋಡಿದವರು ಮೂವರು: ಸೊಸೆ, ಅತ್ತೆ, ಲಾರಿ ಡ್ರೈವರು. ಸೋಮವಾರದ್ದಕ್ಕೆ ನನ್ನ ಅಕ್ಕನ ಮಗನೂ ಇದ್ದ. ಎಲ್ಲರೂ ಬದುಕಿದ್ದಾರೆ. ಡ್ರೈವರು ಈಗ ಚೇಳೂರು ಕಡೆಯ ಲೋಡು ಹೊಡೆಯುತ್ತಾರೆ. ಅಜ್ಜಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. ಆದರೆ ಒದ್ದೆ ಮಣ್ಣಿಗೂ ಅವರ ಪಾದಕ್ಕೂ ನಡುವೆ ಒಂದು ಮೊಳ ಜಾಗವಿತ್ತು ಎಂದು ಅವರು ಹೇಳುತ್ತಾರೆ. ಆ ಒಂದು ವಿಷಯದಲ್ಲಿ ನಮ್ಮಿಬ್ಬರ ಹೇಳಿಕೆ ಕೂಡುವುದಿಲ್ಲ.